ಅವರು ಸಿಗರೇಟು ಬಿಟ್ಟ ವರ್ಷ

ಮದುವೆಯಾಗಿ ದೊಡ್ಡಬಳ್ಳಾಪುರದ ಮನೆಗೆ ಬಂದ ಹೊಸದರಲ್ಲಿ ನನ್ನ ಗಂಡ ಮನೆಯೊಳಗೆ ಎಲ್ಲಿದ್ದಾರೆ ಅನ್ನುವುದನ್ನು ನಾನು ಮೂಗಿನಿಂದಲೇ ಪತ್ತೆ ಮಾಡುತ್ತಿದ್ದೆ. ಕಿವಿಯಿಂದ ಆಗುತ್ತಿರಲಿಲ್ಲ. ಮುಂದೆ ಎರಡು ಕೋಣೆ, ನಡುವೆ ಅಡುಗೆಮನೆ, ಹಿಂದೆ ಉದ್ದಕ್ಕೆ ಮಗ್ಗದ ಶೆಡ್ಡು. ಅಲ್ಲಿ ನಾಲ್ಕು ಪವರ್‌ಲೂಮ್‌ಗಳು ಬೆಳಗಿನಿಂದ ಸಂಜೆಯವರೆಗೆ ಬಡಿದುಕೊಳ್ಳುತ್ತಿದ್ದವು. ಹೊಸ ಊರಿಗೆ ಬಂದ ಸೊಸೆ ನಾನು, ಹೊಸಕೋಟೆಯ ನಮ್ಮ ತವರುಮನೆಯಲ್ಲಿ ಇದ್ದದ್ದು ಕೈಮಗ್ಗ. ಆ ಸದ್ದಿನಲ್ಲಿ ಮಾತು ಆಡಬಹುದಿತ್ತು, ಹಾಡು ಹೇಳಬಹುದಿತ್ತು. ಇಲ್ಲಿ ಯಾರಾದರೂ ಕರೆದರೂ ಕೇಳುತ್ತಿರಲಿಲ್ಲ. ಆದರೆ ಹಿತ್ತಿಲ ಬಾಗಿಲಿನಿಂದ ಸಿಗರೇಟಿನ ವಾಸನೆ ಬಂತೆಂದರೆ ಅವರು ನೀರಿನ ತೊಟ್ಟಿಯ ಪಕ್ಕ ಸೀಬೆಮರಕ್ಕೆ ಒರಗಿ ನಿಂತಿದ್ದಾರೆ ಅಂತ ಅರ್ಥ.

ಶೆಡ್ಡಿನೊಳಗೆ ಸೇದುವ ಹಾಗಿರಲಿಲ್ಲ. ಆರ್ಟ್ ಸಿಲ್ಕ್ ಅನ್ನುವ ಕೃತಕ ರೇಷ್ಮೆ ನೂಲಿಗೆ ಒಂದು ಕಿಡಿ ಸಾಕು ಅಂತ ನಮ್ಮ ಮಾವನವರು ಬದುಕಿದ್ದಾಗಲೇ ಕಟ್ಟುನಿಟ್ಟು ಮಾಡಿದ್ದರು. ತಾಯಿಯ ಮುಂದೆಯೂ ನನ್ನ ಗಂಡ ಸೇದುತ್ತಿರಲಿಲ್ಲ, ದೇವರ ಕೋಣೆಯ ಹತ್ತಿರವೂ ಇಲ್ಲ. ಹಾಗಾಗಿ ಮಗ್ಗ, ಹಿತ್ತಿಲು, ಮಗ್ಗ, ಹಿತ್ತಿಲು ಅಂತ ಅವರ ದಿನ ಓಡಾಟದಲ್ಲೇ ಕಳೆಯುತ್ತಿತ್ತು. ಹದಿನೆಂಟು ವರ್ಷದ ಹುಡುಗನಾಗಿದ್ದಾಗ ಬೇರೆಯವರ ಮಗ್ಗದಲ್ಲಿ ಕೆಲಸ ಕಲಿಯುವಾಗ, ನಿದ್ದೆ ಬರಬಾರದು ಅಂತ ಶುರು ಮಾಡಿದ್ದಂತೆ. ನಾನು ಬರುವ ಹೊತ್ತಿಗೆ ದಿನಕ್ಕೆ ಎರಡು ಪ್ಯಾಕು ಮುಗಿಯುತ್ತಿತ್ತು. ನಾನು ಒಂದು ದಿನವೂ ಬೇಡ ಅನ್ನಲಿಲ್ಲ. ಆ ಕಾಲದಲ್ಲಿ ಗಂಡಸು ಸಿಗರೇಟು ಸೇದುವುದು, ಮೀಸೆ ಬಿಡುವ ಹಾಗೆ, ಯಾರೂ ಪ್ರಶ್ನೆ ಮಾಡುವ ವಿಷಯವಾಗಿರಲಿಲ್ಲ. ನನಗಂತೂ ಆ ವಾಸನೆ ಇಷ್ಟವೇ ಆಗಿತ್ತು, ಯಾಕೆಂದರೆ ಅದು ಅವರ ವಾಸನೆ.

ನಮ್ಮದು ಒಳ್ಳೆಯ ದಾಂಪತ್ಯ. ಹೀಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮಾತು ಕಡಿಮೆಯ ಮನುಷ್ಯ, ಆದರೆ ಕಣ್ಣಲ್ಲೇ ಕೀಟಲೆ. ನಾನು ಶೆಡ್ಡಿನ ಮೂಲೆಯಲ್ಲಿ ಕೂತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದರೆ, ಹಾದುಹೋಗುವಾಗ ಬೇಕೆಂದೇ ನೂಲಿನ ಎಳೆಯನ್ನು ಬೆರಳಲ್ಲಿ ಮೀಟಿ ಹೋಗುತ್ತಿದ್ದರು. ಅತ್ತೆ, ಇಬ್ಬರು ಹೆಣ್ಣುಮಕ್ಕಳು, ಕೆಲಸದ ಇಬ್ಬರು ಆಳುಗಳು ತುಂಬಿದ್ದ ಆ ಮನೆಯಲ್ಲಿ ಗುಟ್ಟಿನ ಮಾತಿಗೆ ಜಾಗವೇ ಇರಲಿಲ್ಲ ಅಂತ ಹೊರಗಿನವರು ತಿಳಿಯಬಹುದು. ಇತ್ತು. ಮಗ್ಗ ಓಡುವಾಗ ಶೆಡ್ಡಿನ ನಡುವೆ ನಿಂತು ಕಿವಿಗೆ ಬಾಯಿ ಹಚ್ಚಿ ಏನು ಬೇಕಾದರೂ ಹೇಳಬಹುದಿತ್ತು. ಕೂಗಿ ಹೇಳಿದರೂ ಮೂರನೆಯವರಿಗೆ ಕೇಳುತ್ತಿರಲಿಲ್ಲ. ನಾವು ಎಷ್ಟೋ ಸರಸದ ಮಾತು ಆಡಿದ್ದು ಆ ಗದ್ದಲದ ನಡುವೆ, ಹಾಡುಹಗಲಲ್ಲಿ, ಎಲ್ಲರ ಕಣ್ಣೆದುರಿಗೆ.

ತೊಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿತ್ತು. ಅವರಿಗೆ ನಲವತ್ತು ದಾಟಿತ್ತು, ನನಗೆ ಮೂವತ್ತೈದರ ಆಸುಪಾಸು. ಅದು ಯಾವ ದಿನ ಶುರುವಾಯಿತು ಅಂತ ಹೇಳಲಾರೆ, ಯಾಕೆಂದರೆ ಅದು ಒಂದು ದಿನ ಶುರುವಾದದ್ದಲ್ಲ. ಮೊದಮೊದಲು ಗಂಡಹೆಂಡಿರ ನಡುವೆ ಆಗುವುದು ಆಗುತ್ತಿತ್ತು, ಆದರೆ ಅರ್ಧಕ್ಕೇ ಅವರ ದೇಹ ಸೋಲುತ್ತಿತ್ತು. ಸುಸ್ತು ಅನ್ನುತ್ತಿದ್ದರು. ನಾನೂ ಹೌದೆನ್ನುತ್ತಿದ್ದೆ. ಆಮೇಲಾಮೇಲೆ ಅಷ್ಟೂ ಇಲ್ಲವಾಯಿತು. ಮನಸ್ಸಿತ್ತು, ಅದು ನನಗೆ ಅವರ ಕೈಯಿಂದಲೇ ಗೊತ್ತಾಗುತ್ತಿತ್ತು. ದೇಹ ಮಾತ್ರ ಮಾತು ಕೇಳುತ್ತಿರಲಿಲ್ಲ. ಅವರು ಆ ಕಡೆ ತಿರುಗಿ ಮಲಗುತ್ತಿದ್ದರು. ಇನ್ನು ಕೆಲವು ತಿಂಗಳಿಗೆ ಚಾಪೆ ಸುತ್ತಿಕೊಂಡು ಶೆಡ್ಡಿಗೆ ಹೊರಟರು. ಪಕ್ಕದ ಬೀದಿಯಲ್ಲಿ ಮೋಟರು ಕಳವಾಗಿದೆ, ಕಾವಲಿರಬೇಕು ಅಂದರು. ಪಕ್ಕದ ಬೀದಿಯಲ್ಲಿ ಯಾವ ಮೋಟರೂ ಕಳವಾಗಿರಲಿಲ್ಲ.

ಹಗಲಿನಲ್ಲೂ ಮನುಷ್ಯ ಬದಲಾದರು. ನೂಲನ್ನು ಮೀಟುವುದು ನಿಂತಿತು. ನಾನು ಎದುರಿಗೆ ಬಂದರೆ ಮಗ್ಗದ ಕೆಳಗೆ ಬಗ್ಗಿ ಏನನ್ನೋ ಹುಡುಕುವವರ ಹಾಗೆ ಮಾಡುತ್ತಿದ್ದರು. ಸಿಗರೇಟು ಮಾತ್ರ ಹೆಚ್ಚಾಯಿತು. ಸೀರೆ ಕೊಡಲು, ನೂಲು ತರಲು ಬೆಂಗಳೂರಿಗೆ ಹೋದವರು ಮೊದಲಿನ ಹಾಗೆ ಮಧ್ಯಾಹ್ನದ ಬಸ್ಸಿಗೆ ಬಾರದೆ ಸಂಜೆ ಬರತೊಡಗಿದರು. ಒಂದು ದಿನ ಒಗೆಯಲು ಅಂಗಿ ತೆಗೆದಾಗ ಜೇಬಿನಲ್ಲಿ ಕಂದು ಬಣ್ಣದ ಪುಡಿಯ ಪೊಟ್ಟಣ ಸಿಕ್ಕಿತು. ಮೂಸಿದೆ, ಶುಂಠಿ, ಕರ್ಪೂರ, ಇನ್ನೇನೋ ಸೇರಿದ ಘಾಟು. ಹೆಂಗಸರ ಮನಸ್ಸು ಹೋಗುವ ಕಡೆಗೇ ನನ್ನದೂ ಹೋಯಿತು. ಯಾರೋ ಇದ್ದಾಳೆ, ಅವಳು ಇವರಿಗೆ ಮದ್ದು ಹಾಕಿದ್ದಾಳೆ.

ಒಂದು ವಾರ ನುಂಗಿಕೊಂಡೆ. ಆಮೇಲೆ ಒಂದು ಮಧ್ಯಾಹ್ನ ಶೆಡ್ಡಿಗೆ ಹೋದೆ. ಆಳುಗಳು ಊಟಕ್ಕೆ ಹೋಗಿದ್ದರು, ಅತ್ತೆ ಬಾಗಿಲ ಹೊಸ್ತಿಲಲ್ಲಿ ಕೂತು ಎಲೆ ಅಡಿಕೆಗೆ ಕಡ್ಡಿಪುಡಿ ಸೇರಿಸಿ ಹೊಗೆಸೊಪ್ಪಿನ ರುಚಿ ನೋಡುತ್ತಿದ್ದರು. ಮಗ್ಗಗಳು ಓಡುತ್ತಿದ್ದವು. ನಾನು ಅವರ ಕಿವಿಯ ಹತ್ತಿರ ಹೋಗಿ, ಪುಡಿ ಯಾರು ಕೊಟ್ಟಿದ್ದು ಅಂತ ಕೇಳಿದೆ. ಅವರು ತಲೆ ಎತ್ತಲಿಲ್ಲ. ನಾನು ಇನ್ನೂ ಗಟ್ಟಿಯಾಗಿ ಕೇಳಿದೆ. ಅವರು ಮಗ್ಗದ ಆ ಕಡೆಗೆ ಸರಿದರು. ನನಗೆ ಎಲ್ಲಿಲ್ಲದ ಸಿಟ್ಟು ಬಂದು ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದೆ. ಅದೇ ಕ್ಷಣಕ್ಕೆ ಕರೆಂಟು ಹೋಯಿತು.

"ಯಾವಳ ಹತ್ರ ಮಲಗ್ತಿದೀರ ಅಂತ ಹೇಳ್ಬಿಡಿ."

ನಾಲ್ಕು ಮಗ್ಗಗಳೂ ಒಟ್ಟಿಗೆ ನಿಂತ ಆ ನಿಶ್ಶಬ್ದದಲ್ಲಿ ನನ್ನ ಮಾತು ಶೆಡ್ಡಿನ ಶೀಟಿಗೆ ಬಡಿದು, ಹಿತ್ತಿಲು ದಾಟಿ ಪಕ್ಕದ ಮನೆಗೂ ಹೋಗಿರಬೇಕು. ಹೊಸ್ತಿಲಲ್ಲಿದ್ದ ಅತ್ತೆ ಎಲೆ ಅಗಿಯುವುದನ್ನು ನಿಲ್ಲಿಸಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆ ಎದ್ದು, ಸೆರಗು ಸರಿಮಾಡಿಕೊಂಡು, ನನ್ನ ಕಡೆಯೂ ನೋಡದೆ ಮಗನ ಕಡೆಯೂ ನೋಡದೆ ಹೇಳಿದರು.

"ಯಾವಳೂ ಇದ್ದಂಗಿಲ್ಲ ಕಣಮ್ಮ. ಇದ್ದಿದ್ರೆ ಇವ್ನು ಹಿಂಗ್ ಸೊರಗ್ತಿರ್ಲಿಲ್ಲ." ಆಮೇಲೆ ಒಳಗೆ ಹೋಗಿ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡರು.

ನನ್ನ ಗಂಡ ನಕ್ಕುಬಿಟ್ಟರು. ತಿಂಗಳುಗಟ್ಟಲೆ ಆದಮೇಲೆ ಅವರ ನಗು ಕೇಳಿದ್ದು ಆವತ್ತೇ. ನಗುತ್ತಾ ನಗುತ್ತಾ ನೂಲಿನ ಮೂಟೆಯ ಮೇಲೆ ಕೂತರು, ಕಣ್ಣಲ್ಲಿ ನೀರು ಬಂತು, ನೋಡುತ್ತಿದ್ದ ಹಾಗೆ ನಗು ಹೋಗಿ ನೀರು ಮಾತ್ರ ಉಳಿಯಿತು. ನಾನು ಪಕ್ಕದಲ್ಲಿ ಕೂತೆ. ಕರೆಂಟು ಬರುವವರೆಗೂ ಅವರು ಪಿಸುಮಾತಿನಲ್ಲಿ ಎಲ್ಲವನ್ನೂ ಹೇಳಿದರು. ಬೆಂಗಳೂರಿನ ಒಂದು ಲಾಡ್ಜಿನಲ್ಲಿ ಗುಪ್ತರೋಗಕ್ಕೆ ಔಷಧಿ ಕೊಡುವವನೊಬ್ಬನಿದ್ದನಂತೆ. ಅವನು ಮೈ ಮುಟ್ಟಿ ನೋಡಲಿಲ್ಲ. ವಯಸ್ಸಿನಲ್ಲಿ ಕೈಯಾರೆ ಧಾತು ಕಳೆದುಕೊಂಡಿದ್ದೀಯ, ಅದರ ಫಲ ಈಗ ಉಣ್ಣುತ್ತಿದ್ದೀಯ ಅಂತ ಹೆದರಿಸಿ ಪುಡಿ ಕೊಟ್ಟಿದ್ದ. ಒಂದು ಪುಡಿಯಾಗಿ ಇನ್ನೊಂದು ಪುಡಿ. ಅದನ್ನು ತಿಂದು ಹೊಟ್ಟೆ ಉರಿ ಬಂದದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಈ ನಲವತ್ತು ದಾಟಿದ ಮನುಷ್ಯ, ಇಬ್ಬರು ಮಕ್ಕಳ ತಂದೆ, ಹದಿನೈದರ ವಯಸ್ಸಿನ ಯಾವುದೋ ತಪ್ಪಿಗೆ ಶಿಕ್ಷೆ ಆಗುತ್ತಿದೆ ಅಂತ ನಂಬಿಕೊಂಡು ಒಬ್ಬರೇ ಕೊರಗಿದ್ದರು.

"ನಾನು ಗಂಡಸಾಗಿ ಉಳ್ದಿಲ್ಲ ಕಣೆ. ನಿಂಗೆ ಹೆಂಗ್ ಮುಖ ತೋರ್ಸ್ಲಿ" ಅಂದರು.

ಮುಖ ನನ್ನ ಎದುರಿಗೇ ಇದೆಯಲ್ಲ, ಇಷ್ಟು ದಿನ ತೋರಿಸದೆ ಇದ್ದದ್ದೇ ನನಗೆ ಸಂಕಟ ಆದದ್ದು ಅಂತ ಹೇಳಿದೆ. ಅವತ್ತು ಚಾಪೆ ಕೋಣೆಗೆ ವಾಪಸು ಬಂತು.

ಆದರೆ ಡಾಕ್ಟರ ಹತ್ತಿರ ಹೋಗೋಣ ಅಂದರೆ ಒಪ್ಪಲಿಲ್ಲ. ನಮ್ಮೂರಿನಲ್ಲಿ ಆಗ ಒಬ್ಬರು ವಯಸ್ಸಾದ ಡಾಕ್ಟರಿದ್ದರು, ನಮ್ಮ ಎರಡೂ ಮಕ್ಕಳ ಜ್ವರ, ನೆಗಡಿ, ಗದ್ದಕಟ್ಟು ಎಲ್ಲವನ್ನೂ ನೋಡಿದವರು. ಅವರ ಮುಂದೆ ಈ ಮಾತು ಹೇಗೆ ಆಡುವುದು, ನಾಳೆ ಬೀದಿಯಲ್ಲಿ ಎದುರಾದರೆ ಏನು ಮಾಡುವುದು ಅಂತ ಇವರ ವಾದ. ನಾನು ಆಗ ಬಲವಂತ ಮಾಡಲಿಲ್ಲ.

ದಾರಿ ತೋರಿಸಿದ್ದು ನನ್ನ ಗಂಡನ ಕಾಲು. ಬಸ್ ಸ್ಟ್ಯಾಂಡಿನಿಂದ ನಮ್ಮ ಮನೆಗೆ ಬರುವ ದಾರಿಯಲ್ಲಿ ಒಂದು ಪಾತ್ರೆ ಅಂಗಡಿ ಇತ್ತು. ಒಂದು ವರ್ಷದಿಂದ ಅವರು ನನ್ನ ಜೊತೆ ಬರುವಾಗಲೆಲ್ಲ ಆ ಅಂಗಡಿ ಮುಂದೆ ನಿಂತು ಪಾತ್ರೆ ನೋಡುತ್ತಿದ್ದರು. ನನಗೆ ಏನೋ ಕೊಡಿಸುವ ಆಸೆಯಿರಬೇಕು, ಕೈ ಬಿಗಿಯಿದೆ ಪಾಪ ಅಂದುಕೊಂಡು ನಾನೇ ಬನ್ನಿ ಬನ್ನಿ ಅಂತ ಎಳೆಯುತ್ತಿದ್ದೆ. ಒಂದು ಸಲ ಹಾಗೆ ನಿಂತಿದ್ದಾಗ ಅಂಗಡಿಯವರು ಹೊರಗೆ ಬಂದು ಏನು ಬೇಕು ಅಂತ ಕೇಳಿದರು, ಇವರು ದಾಕ್ಷಿಣ್ಯಕ್ಕೆ ಒಂದು ಇಡ್ಲಿ ಪಾತ್ರೆ ಕೊಂಡರು. ಮನೆಯಲ್ಲಿ ಆಗಲೇ ಎರಡಿದ್ದವು. ಶೆಡ್ಡಿನಲ್ಲಿ ಮನಸ್ಸು ಬಿಚ್ಚಿದ ಮೇಲೆ ಒಂದು ದಿನ ಇದನ್ನು ಕೆದಕಿದಾಗ ನಿಜ ಹೇಳಿದರು. ಅಷ್ಟು ದೂರ ನಡೆಯುವಷ್ಟರಲ್ಲಿ ಬಲಗಾಲಿನ ಮೀನಖಂಡ ಹಿಂಡಿದ ಹಾಗೆ ನೋಯುತ್ತದೆ. ಸ್ವಲ್ಪ ಹೊತ್ತು ನಿಂತರೆ ಹೋಗಿಬಿಡುತ್ತದೆ. ಮತ್ತೆ ನಡೆದರೆ ಮತ್ತೆ ಬರುತ್ತದೆ. ಬೀದಿಯಲ್ಲಿ ಸುಮ್ಮನೆ ನಿಂತರೆ ಜನ ಏನಂದುಕೊಳ್ಳುತ್ತಾರೆ ಅಂತ ಪಾತ್ರೆ ನೋಡುವ ನೆಪ.

ಕಾಲು ನೋವಿಗೆ ಡಾಕ್ಟರ ಹತ್ತಿರ ಹೋಗಲು ನಾಚಿಕೆ ಏನು ಅಂದೆ. ಅದಕ್ಕೆ ಒಪ್ಪಿದರು.

ಡಾಕ್ಟರು ಅವರನ್ನು ಮಂಚದ ಮೇಲೆ ಮಲಗಿಸಿ ಎರಡೂ ಪಾದಗಳ ಮೇಲೆ, ಹಿಮ್ಮಡಿ ಗಂಟಿನ ಹಿಂದೆ, ತೊಡೆಸಂದಿಯಲ್ಲಿ ಬೆರಳಿಟ್ಟು ಬಹಳ ಹೊತ್ತು ನಾಡಿ ಹುಡುಕಿದರು. ಎಡಪಾದದಲ್ಲಿ ಸಣ್ಣಗೆ ಸಿಕ್ಕಿತು, ಬಲಪಾದದಲ್ಲಿ ಸಿಗಲಿಲ್ಲ. ನನ್ನನ್ನು ಕರೆದು ಮುಟ್ಟಿ ನೋಡಲು ಹೇಳಿದರು. ಬಲಪಾದ ಎಡಕ್ಕಿಂತ ತಣ್ಣಗಿತ್ತು. ಎಷ್ಟು ಸಿಗರೇಟು ಅಂತ ಕೇಳಿದರು. ಇವರು ಕಡಿಮೆ ಮಾಡಿ ಹೇಳಿದರು, ನಾನು ಸರಿಮಾಡಿದೆ. ಡಾಕ್ಟರು ಸ್ಟೆತಾಸ್ಕೋಪು ಮಡಿಸಿಟ್ಟು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಆಮೇಲೆ ಹವಾಮಾನ ವಿಚಾರಿಸುವಷ್ಟು ಸಹಜವಾಗಿ ಕೇಳಿದರು, ಗಂಡಹೆಂಡಿರ ವಿಷಯದಲ್ಲಿ ಏನಾದರೂ ತೊಂದರೆ ಇದೆಯಾ, ಬಲ ಬರುತ್ತಾ ಇದೆಯಾ ಅಂತ.

ಇವರು ಗೋಡೆಯ ಮೇಲಿದ್ದ ಕ್ಯಾಲೆಂಡರು ನೋಡತೊಡಗಿದರು. ಅದರಲ್ಲಿ ಅಷ್ಟು ನೋಡುವಂಥದ್ದು ಏನೂ ಇರಲಿಲ್ಲ. ನಾನೇ ಬಾಯಿ ಬಿಟ್ಟೆ. ಒಂದು ವರ್ಷದ ಮೇಲಾಯಿತು ಡಾಕ್ಟರೇ, ಇಲ್ಲ ಅಂದೆ. ನನ್ನ ಕಿವಿಯೆಲ್ಲ ಬಿಸಿಯಾಗಿತ್ತು, ಆದರೆ ಹೇಳಿದ ಮೇಲೆ ಹೊತ್ತ ಬಿಂದಿಗೆ ಕೆಳಗಿಳಿಸಿದ ಹಾಗಾಯಿತು.

ಡಾಕ್ಟರು ಇನ್ನೊಂದು ಮಾತು ಕೇಳಿದರು. ಬೆಳಗಿನ ಜಾವ ಎಚ್ಚರವಾಗುವಾಗ ತಾನಾಗಿ ಆಗುತ್ತದಲ್ಲ, ಅದು ಈಗಲೂ ಉಂಟಾ? ಇವರು ಕ್ಯಾಲೆಂಡರಿನ ಕಡೆಯಿಂದಲೇ ತಲೆಯಾಡಿಸಿದರು, ಅದೂ ನಿಂತು ಎಷ್ಟೋ ಕಾಲವಾಗಿದೆ ಅಂದರು. ಮನಸ್ಸಿನ ಚಿಂತೆಯಿಂದ ಆಗುವ ತೊಂದರೆಯಾಗಿದ್ದರೆ ನಿದ್ದೆಯಲ್ಲಿ, ಬೆಳಗಿನಲ್ಲಿ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಆಗಲೂ ಇಲ್ಲವೆಂದರೆ ದೇಹದಲ್ಲೇ ಕಾರಣ ಹುಡುಕಬೇಕು ಅಂತ ಡಾಕ್ಟರು ಹೇಳಿದರು. ಸಕ್ಕರೆ ಕಾಯಿಲೆಯಿಂದಲೂ ಹೀಗಾಗಬಹುದು, ಅದನ್ನೂ ನೋಡೋಣ ಅಂತ ರಕ್ತ, ಮೂತ್ರ ಪರೀಕ್ಷೆಗೆ ಬರೆದರು. ಅದು ಆಮೇಲೆ ಸರಿಯಾಗಿಯೇ ಬಂತು. ಬಿ.ಪಿ. ಮಾತ್ರ ಸ್ವಲ್ಪ ಹೆಚ್ಚಿತ್ತು.

ಆಮೇಲೆ ಅವರು ವಿವರಿಸಿದ್ದು ನನಗೆ ಇವತ್ತಿಗೂ ನೆನಪಿದೆ. ಅವರ ಮಾತಿನಲ್ಲಿ ಬೈಗುಳ ಇರಲಿಲ್ಲ, ಹಾಸ್ಯವೂ ಇರಲಿಲ್ಲ.

"ಆ ಅಂಗ ಗಟ್ಟಿಯಾಗೋದು ರಕ್ತದಿಂದ. ಆಸೆ ಆದಾಗ ಅಲ್ಲಿಗೆ ಹೋಗೋ ರಕ್ತನಾಳ ಅಗಲವಾಗಿ ತೆರ್ಕೋಬೇಕು, ರಕ್ತ ಒಳಗೆ ನುಗ್ಗಿ ನಿಲ್ಬೇಕು. ಸಿಗರೇಟಿನ ಹೊಗೆ ರಕ್ತನಾಳದ ಒಳಮೈ ಹಾಳು ಮಾಡುತ್ತೆ. ಒಳಮೈ ಹಾಳಾದ್ರೆ ಅದು ತೆರ್ಕೊಳಲ್ಲ. ವರ್ಷಗಟ್ಲೆ ಆದ್ರೆ ಒಳಗೆ ಕೊಬ್ಬು ಕಟ್ಟಿ ದಾರಿನೇ ಸಣ್ಣ ಆಗುತ್ತೆ. ಒಂದೊಂದು ಸಿಗರೇಟು ಸೇದ್ದಾಗ್ಲೂ ಸ್ವಲ್ಪ ಹೊತ್ತು ನಾಳ ಇನ್ನೂ ಬಿಗಿಯುತ್ತೆ. ನಿಮ್ಮ ಕಾಲಿಗೆ ಹೋಗೋ ನಾಳ, ಅಲ್ಲಿಗೆ ಹೋಗೋ ನಾಳ, ಎರಡೂ ಹೊಟ್ಟೆ ಕೆಳಗೆ ಒಂದೇ ದೊಡ್ಡ ನಾಳದಿಂದ ಕವಲೊಡೆಯೋದು. ಅಲ್ಲಿಯದು ತುಂಬ ಸಣ್ಣದು, ಅದಕ್ಕೇ ಮೊದ್ಲು ಅಲ್ಲಿ ಗೊತ್ತಾಗುತ್ತೆ."

ಇವರು ಅಷ್ಟರಲ್ಲಿ ಕ್ಯಾಲೆಂಡರು ಬಿಟ್ಟು ಡಾಕ್ಟರ ಮುಖ ನೋಡುತ್ತಿದ್ದರು. ಹಾಗಾದರೆ ವಯಸ್ಸಿನಲ್ಲಿ ಮಾಡಿದ ತಪ್ಪಿನಿಂದ ಅಲ್ಲವಾ ಅಂತ ಕೇಳಿದರು. ಯಾವ ತಪ್ಪು ಅಂತ ಡಾಕ್ಟರಿಗೆ ಕೂಡಲೇ ಅರ್ಥವಾಯಿತು. ಇಂಥವರನ್ನು ಅವರು ಎಷ್ಟು ಜನರನ್ನು ನೋಡಿದ್ದರೋ. ಅದು ಎಲ್ಲ ಹುಡುಗರೂ ಮಾಡುವುದು, ಅದರಿಂದ ಯಾರಿಗೂ ಏನೂ ಆಗುವುದಿಲ್ಲ, ಆ ಪುಡಿಯಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ, ಇವತ್ತಿಗೇ ನಿಲ್ಲಿಸಿ ಅಂದರು. ನನ್ನ ಗಂಡನ ಹೆಗಲು ಒಂದು ಅಂಗುಲ ಕೆಳಗಿಳಿದದ್ದನ್ನು ನಾನು ಕಣ್ಣಾರೆ ಕಂಡೆ. ಅವರನ್ನು ಅರ್ಧ ಕೊಂದಿದ್ದು ಆ ಲಾಡ್ಜಿನವನ ಮಾತು.

ಆದರೆ ಡಾಕ್ಟರು ಸುಳ್ಳು ಭರವಸೆಯನ್ನೂ ಕೊಡಲಿಲ್ಲ. ಸಿಗರೇಟು ಪೂರ್ತಿ ಬಿಡಬೇಕು, ಕಡಿಮೆ ಮಾಡುವುದಲ್ಲ. ಬಿಟ್ಟರೆ ರಕ್ತನಾಳ ಸ್ವಲ್ಪಮಟ್ಟಿಗೆ ಚೇತರಿಸಿಕೊಳ್ಳುತ್ತದೆ, ತಿಂಗಳುಗಟ್ಟಲೆ ಹಿಡಿಯುತ್ತದೆ, ಎಷ್ಟು ಅಂತ ಹೇಳಲಾರೆ; ಕಟ್ಟಿಕೊಂಡದ್ದೆಲ್ಲ ಕರಗಿಹೋಗುವುದಿಲ್ಲ. ಬಿಡದಿದ್ದರೆ ಇವತ್ತು ಅಲ್ಲಿ, ಕಾಲಿನಲ್ಲಿ ಆದದ್ದು ನಾಳೆ ಎದೆಯಲ್ಲಿ ಆಗುತ್ತದೆ, ಹೃದಯಕ್ಕೂ ಇದೇ ಥರದ ನಾಳ ಅಂದರು. ನನ್ನ ಕೈ ತಾನಾಗಿ ತಾಳಿಗೆ ಹೋಯಿತು. ಇಸಿಜಿ ತೆಗೆಸಿದರು, ಒಂದು ಮಾತ್ರೆ ಬರೆದರು, ದಿನವೂ ನೋವು ಬರುವವರೆಗೆ ನಡೆಯಿರಿ, ನಿಲ್ಲಿ, ಹೋದ ಮೇಲೆ ಮತ್ತೆ ನಡೆಯಿರಿ ಅಂದರು. ನಾವು ಏಳುವಾಗ ನನ್ನ ಕಡೆ ನೋಡಿ ಇನ್ನೊಂದು ಮಾತು ಸೇರಿಸಿದರು. ಆಗಲಿಲ್ಲ ಅಂತ ದೂರ ಮಲಗಬೇಡಿ, ಮುಟ್ಟುವುದು ಮಾತಾಡುವುದು ಬಿಟ್ಟರೆ ಕಾಯಿಲೆಗಿಂತ ಅದೇ ದೊಡ್ಡದಾಗುತ್ತದೆ.

ಬೆಂಗಳೂರಿನ ದೊಡ್ಡ ಆಸ್ಪತ್ರೆಗೂ ಕಳಿಸಿದರು. ಅಲ್ಲಿ ಕಾಲಿನ ಮೇಲೆ ಜಾರುವ ಅಂಟು ಹಚ್ಚಿ ಪೆನ್ನಿನಂಥದ್ದನ್ನು ಇಟ್ಟು ರಕ್ತದ ಹರಿವಿನ ಸದ್ದು ಕೇಳಿಸಿದರು. ಎಡಗಾಲಿನಲ್ಲಿ ಟಪ್ ಟಪ್ ಅಂತ ಚುರುಕಾಗಿ ಬರುತ್ತಿದ್ದದ್ದು ಬಲಗಾಲಿನಲ್ಲಿ ಸುಯ್ಯನೆ ಸೊರಗಿ ಬರುತ್ತಿತ್ತು. ಆಪರೇಷನ್ನು ಈಗಲೇ ಬೇಡ, ಸಿಗರೇಟು ಬಿಟ್ಟು ನೋಡೋಣ ಅಂದರು. ಇನ್ನೊಂದು ವಿಷಯಕ್ಕೆ, ಆ ಜಾಗಕ್ಕೇ ಚುಚ್ಚುವ ಒಂದು ಇಂಜೆಕ್ಷನ್ ಇದೆ, ಬೇಕಾದರೆ ಕಲಿಸಿಕೊಡುತ್ತೇವೆ ಅಂದರು. ಆಗ ಈಗಿನ ಮಾತ್ರೆಗಳು ಬಂದಿರಲಿಲ್ಲ. ವಾಪಸು ಬರುವಾಗ ಯಲಹಂಕ ದಾಟುವವರೆಗೆ ಇವರು ಬಸ್ಸಿನ ಟಿಕೆಟ್ಟು ಮಡಿಸುತ್ತಾ ಬಿಚ್ಚುತ್ತಾ ಕೂತಿದ್ದರು. ಆಮೇಲೆ ಕಿಟಕಿಯ ಹೊರಗೆ ನೋಡುತ್ತಾ, "ಆ ಸೂಜಿ ಮಾತ್ ಕೇಳಿ ಇನ್ನೂ ಒಳಕ್ಕೆ ಹೋಗ್ಬಿಡ್ತು ಕಣೆ" ಅಂದರು. ಬಸ್ಸಿನಲ್ಲಿ ಜನ ತಿರುಗಿ ನೋಡುವಷ್ಟು ನಾನು ನಕ್ಕೆ.

ಅತ್ತೆಗೆ ಕಾಲಿನ ವಿಷಯ ಮಾತ್ರ ಹೇಳಿದೆವು. ಸಿಗರೇಟಿನಿಂದ ಕಾಲಿನ ರಕ್ತ ಕಟ್ಟಿದೆ, ಬಿಡಬೇಕಂತೆ ಅಂತ. ಅತ್ತೆ ಎಲ್ಲವನ್ನೂ ಕೇಳಿ, ಸೊಂಟದ ಸಂಚಿ ಬಿಚ್ಚಿ, ಕಡ್ಡಿಪುಡಿಯ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟರು. ಹನ್ನೆರಡನೇ ವಯಸ್ಸಿನಿಂದ ಹಾಕಿದವರು. "ಹೊಗೆಸೊಪ್ಪೇ ಅಲ್ವಾ ಎರಡೂ. ಮಗಂಗೆ ಬಿಡು ಅಂತ ಹೇಳೋ ಬಾಯಲ್ಲಿ ನಾನ್ ಹೆಂಗ್ ಅಗೀಲಿ" ಅಂದರು. ಶೆಡ್ಡಿನಲ್ಲಿ ಕರೆಂಟು ಹೋದ ದಿನ ಅವರು ಎಷ್ಟು ಅರ್ಥ ಮಾಡಿಕೊಂಡಿದ್ದರೋ ನನಗೆ ಗೊತ್ತಿಲ್ಲ.

ಆ ಮೊದಲ ಕೆಲವು ವಾರ ಮನೆಯಲ್ಲಿ ಇಬ್ಬರು ಮುಂಗೋಪಿಗಳಿದ್ದರು. ತಾಯಿಗೆ ತಲೆನೋವು, ಮಗನಿಗೆ ನಿದ್ದೆ ಇಲ್ಲ. ಸಾರಿಗೆ ಉಪ್ಪು ಜಾಸ್ತಿ ಅಂತ ಒಬ್ಬರು, ಕಡಿಮೆ ಅಂತ ಇನ್ನೊಬ್ಬರು, ಒಂದೇ ಪಾತ್ರೆಯ ಸಾರಿಗೆ. ಇವರ ಅಂಗಿಯ ಜೇಬಿಗೆ ನಾನು ಹುರಿಗಡಲೆ, ಲವಂಗ ತುಂಬಿ ಕಳಿಸುತ್ತಿದ್ದೆ. ಅಭ್ಯಾಸಕ್ಕೆ ಹಿತ್ತಿಲಿಗೆ ಹೋಗುತ್ತಿದ್ದರು, ಸೀಬೆಮರದ ಕೆಳಗೆ ನಿಂತು ಹುರಿಗಡಲೆ ಮೆಲ್ಲುತ್ತಿದ್ದರು, ತಾಯಿ ಅಲ್ಲಿಗೇ ಬಂದು ಕೈ ಚಾಚುತ್ತಿದ್ದರು. ಇಬ್ಬರೂ ಮಾತಿಲ್ಲದೆ ಮೆಲ್ಲುತ್ತಾ ನಿಂತಿರುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿ ನನಗೆ ಹೊಟ್ಟೆ ತುಂಬುತ್ತಿತ್ತು.

ಒಂದು ಸಲ ಇವರು ಜಾರಿದರು. ಸೂಲಿಬೆಲೆಯಲ್ಲಿ ನೆಂಟರ ಮದುವೆ, ಊಟವಾದ ಮೇಲೆ ಗಂಡಸರೆಲ್ಲ ಛತ್ರದ ಹಿಂದೆ ನಿಂತು ಸೇದುತ್ತಿದ್ದರು. ಹಿಂತಿರುಗುವ ಬಸ್ಸಿನಲ್ಲಿ ಪಕ್ಕ ಕೂತಾಗ ನನ್ನ ಮೂಗಿಗೆ ಹಳೆಯ ವಾಸನೆ ಬಂತು. ಮೊದಲು ಇಷ್ಟವಾಗುತ್ತಿದ್ದ ಅದೇ ವಾಸನೆಗೆ ಅವತ್ತು ಎದೆ ಝಲ್ಲೆಂದಿತು. ನಾನು ಬಸ್ಸಿನ ಕಿಟಕಿ ಸರಿಸಿದೆ. ಅವರೇ ನನ್ನ ಕಡೆ ವಾಲಿ, ಎರಡು ಸೇದಿದೆ, ರುಚಿಯೂ ಅನ್ನಿಸಲಿಲ್ಲ, ಬಿಡಲೂ ಆಗಲಿಲ್ಲ ಅಂದರು. ನಾಳೆಯಿಂದ ಮತ್ತೆ ಬಿಡಿ ಅಂದೆ. ಬಿಟ್ಟರು. ಆಮೇಲೆ ಸೇದಿದ್ದನ್ನು ನಾನು ಕಂಡಿಲ್ಲ.

ನಸುಕಿನಲ್ಲಿ ನಡೆಯಲು ಹೊರಟೆವು. ಗಂಡಹೆಂಡತಿ ಬರಿಗೈಯಲ್ಲಿ, ಕೆಲಸವಿಲ್ಲದೆ, ಜೊತೆಯಾಗಿ ನಡೆಯುವುದು ನಮ್ಮ ಬೀದಿಯಲ್ಲಿ ಯಾರೂ ನೋಡಿರದ ಸಂಗತಿ. ಏನಮ್ಮ, ಯಾವೂರಿಗೆ ಅಂತ ನೀರು ಹಾಕುತ್ತಿದ್ದ ಹೆಂಗಸರು ಕೇಳುತ್ತಿದ್ದರು. ಡಾಕ್ಟರು ಹೇಳಿದ್ದಾರೆ ಅಂದರೆ ಎಲ್ಲದಕ್ಕೂ ಮಾಫಿ. ಊರ ಹೊರಗೆ ರಾಜಘಟ್ಟದ ರಸ್ತೆಗೆ ಬಂದರೆ ಎರಡೂ ಕಡೆ ದ್ರಾಕ್ಷಿ ತೋಟ, ಹಿಪ್ಪುನೇರಳೆ, ಹಾಲಿನ ಕ್ಯಾನು ಕಟ್ಟಿದ ಸೈಕಲ್ಲುಗಳು. ಮೊದಮೊದಲು ಊರು ದಾಟುವುದರೊಳಗೆ ಅವರ ಕಾಲು ಹಿಡಿಯುತ್ತಿತ್ತು. ನಿಲ್ಲುತ್ತಿದ್ದೆವು. ಪಾತ್ರೆ ಅಂಗಡಿ ಇಲ್ಲದ ಕಡೆ ಸುಮ್ಮನೆ ನಿಲ್ಲುವುದನ್ನು ಅವರು ಕಲಿತರು. ನಿಂತಾಗ ಮಾತಾಡುತ್ತಿದ್ದೆವು. ಮದುವೆಯಾಗಿ ಅಷ್ಟು ವರ್ಷದಲ್ಲಿ ಅವರು ಹೇಳಿರದ ಎಷ್ಟೋ ಮಾತು ಆ ರಸ್ತೆಯಲ್ಲಿ ಹೊರಗೆ ಬಂದವು. ಅವರಪ್ಪನ ಹೆದರಿಕೆ, ಓದು ಬಿಟ್ಟದ್ದು, ನನ್ನನ್ನು ನೋಡಲು ಬಂದ ದಿನ ನಾನು ಒಪ್ಪುವುದಿಲ್ಲ ಅಂತ ಅವರು ಅಂದುಕೊಂಡಿದ್ದು. ದಿನ ಕಳೆದಂತೆ ನಿಲ್ಲುವ ಜಾಗ ಮುಂದೆ ಮುಂದೆ ಹೋಯಿತು. ಒಂದು ದಿನ ಮಾತಿನ ಭರದಲ್ಲಿ ಬಹಳ ದೂರ ಬಂದುಬಿಟ್ಟಿದ್ದೆವು, ಕಾಲು ನೋಯಲಿಲ್ಲವಾ ಅಂತ ನಾನು ಕೇಳಿದ ಮೇಲೆ ಅವರಿಗೆ ನೆನಪಾಯಿತು.

ಇನ್ನೊಂದು ವಿಷಯ ಕೇಳುವಿರಿ. ಡಾಕ್ಟರು ಹೇಳಿದ ಹಾಗೆ ನಾವು ಜೊತೆಯಲ್ಲೇ ಮಲಗಿದೆವು. ಏನಾದರೂ ಆಗಲೇಬೇಕು ಅನ್ನುವ ಹಟ ಬಿಟ್ಟ ಮೇಲೆ ಅವರ ಕೈಗೆ ಮೊದಲಿನ ಸಲುಗೆ ಬಂತು. ಅಷ್ಟೇ ಸಾಕು ಅಂತ ನಾನು ನಿಜವಾಗಿಯೂ ಅಂದುಕೊಂಡಿದ್ದೆ. ಸುಮಾರು ಅರ್ಧ ವರ್ಷ ದಾಟಿದ ಮೇಲೆ ಒಂದು ಬೆಳಗ್ಗೆ, ನಾನು ಏಳಲು ಹೊರಟವಳ ಸೆರಗು ಹಿಡಿದು ನಿಲ್ಲಿಸಿದರು. ಮುಖದಲ್ಲಿ, ಪರೀಕ್ಷೆ ಪಾಸಾದ ಹುಡುಗನ ನಾಚಿಕೆ. ಬೆಳಗಿನದು ವಾಪಸು ಬಂದಿತ್ತು. ಹಾಲಿನವನು ಬಾಗಿಲು ತಟ್ಟುತ್ತಿದ್ದ, ನಾನು ಎದ್ದು ಹೋಗಲೇಬೇಕಾಯಿತು. ಹಾಲು ಅಳೆಸಿಕೊಳ್ಳುವಾಗ ನನ್ನ ಮುಖ ನೋಡಿ ಅವನು, ಏನಕ್ಕ, ಮನೇಲಿ ವಿಶೇಷವಾ ಅಂತ ಕೇಳಿದ.

ಎಲ್ಲವೂ ಮೊದಲಿನಂತಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಕೆಲವು ದಿನ ಆಗುತ್ತಿತ್ತು, ಕೆಲವು ದಿನ ಇಲ್ಲ. ಹಾಳಾದದ್ದರಲ್ಲಿ ಒಂದಷ್ಟು ಹಾಳಾಗಿಯೇ ಉಳಿಯಿತು. ಆದರೆ ಆಗದ ದಿನ ಅವರು ಗೋಡೆ ಕಡೆಗೆ ತಿರುಗುತ್ತಿರಲಿಲ್ಲ. ಕಾಲಿನ ನೋವು ದೂರದ ನಡಿಗೆಗೆ ಮಾತ್ರ ಬರುತ್ತಿತ್ತು. ಎದೆಗೆ ಏನೂ ಆಗಲಿಲ್ಲ, ಅದೇ ದೊಡ್ಡದು.

ಒಂದೆರಡು ವರ್ಷದ ಮೇಲೆ ನನ್ನ ಮೈದುನ ಮನೆಗೆ ಬಂದಿದ್ದ. ಮಗ್ಗ ಬೇಡ ಅಂತ ಲಾರಿ ಹಿಡಿದವನು, ಬೂದಿಗೆರೆಯಲ್ಲಿ ಮನೆ ಮಾಡಿದ್ದ. ಕಿವಿಯ ಹಿಂದೆ ಯಾವಾಗಲೂ ಒಂದು ಬೀಡಿ, ಲಾರಿಯ ಸೀಟಿನ ಕೆಳಗೆ ಬೀಡಿ ಕಟ್ಟುಗಳು. ಅವನ ಹೆಂಡತಿ ಒಂದು ತಿಂಗಳ ಹಿಂದೆ ನನ್ನ ಹತ್ತಿರ ಬಂದು, ಅವನು ಮನೆಗೆ ಬಂದರೂ ಲಾರಿಯಲ್ಲೇ ಮಲಗುತ್ತಾನೆ ಅಂತ ಅತ್ತಿದ್ದಳು. ನಾನು ಅದನ್ನು ಇವರಿಗೆ ಹೇಳಿದ್ದೆ. ಅಣ್ಣತಮ್ಮ ಎದುರುಬದುರು ಊಟಕ್ಕೆ ಕೂತಿದ್ದರು, ಮುದ್ದೆ, ಅವರೆಕಾಳು ಸಾರು. ಇವರು ಸುತ್ತು ಬಳಸಲಿಲ್ಲ. ಲಾರಿಯಲ್ಲಿ ಮಲಗುವುದು ಯಾಕೆ ಅಂತ ಕೇಳಿದರು. ಅವನು ತಟ್ಟೆ ನೋಡಿದ. ಆಮೇಲೆ ನನ್ನ ಗಂಡ, ಒಂದು ಕಾಲಕ್ಕೆ ಹೆಂಡತಿಗೇ ಹೇಳಲಾರದೆ ಚಾಪೆ ಹೊತ್ತು ಹೊರಟಿದ್ದ ಮನುಷ್ಯ, ತನಗೆ ಆದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಬೀಡಿಯೂ ಅದೇ ಕೆಲಸ ಮಾಡುತ್ತೆ, ನಾಳೆ ಬೆಳಗ್ಗೆ ಡಾಕ್ಟರ ಹತ್ತಿರ ಹೋಗೋಣ, ನಾನೂ ಬರುತ್ತೇನೆ ಅಂದರು. ನಾನು ಸಾರು ಬಡಿಸಿ ಅಡುಗೆಮನೆಗೆ ಸರಿದು ನಿಂತೆ.

ಆಮೇಲೆ ಮೈದುನ ದನಿ ತಗ್ಗಿಸಿ ಕೇಳಿದ. "ಅಣ್ಣ, ಇದೆಲ್ಲ ಅತ್ತಿಗೆಗೆ ಗೊತ್ತಾ?"

"ಗೊತ್ತಾ ಏನು, ಡಾಕ್ಟ್ರಿಗೆ ಬಾಯಿಬಿಟ್ಟು ಹೇಳಿದ್ದೇ ಅವಳು" ಅಂದರು ಇವರು, ಇನ್ನೊಂದು ಮುದ್ದೆಗೆ ಕೈ ಹಾಕುತ್ತಾ.